ನಲವತ್ತೈದು ರೂಪಾಯಿಯ ಬಿಲ್ಲಿನಲ್ಲಿ ಒಂದು ಪೈಸೆ

ಹೋಟೆಲೊಂದರಲ್ಲಿ ಒಂದು ಪ್ಲೇಟ್ ಇಡ್ಲಿ-ವಡೆಗೆ 45 ರೂಪಾಯಿ ಎಂದಿಟ್ಟುಕೊಳ್ಳಿ. ಸಾಮಾನ್ಯ ಹೋಟೆಲುಗಳ ತಿಂಡಿ-ಊಟಕ್ಕೆ ಜಿಎಸ್‌ಟಿ ಶೇ 5. ಅದರಲ್ಲಿ ಅರ್ಧ ಕೇಂದ್ರಕ್ಕೆ, ಇನ್ನರ್ಧ ರಾಜ್ಯಕ್ಕೆ. ಹಾಗಾಗಿ ಬಿಲ್ಲಿನಲ್ಲಿ ಸಿಜಿಎಸ್‌ಟಿ ಶೇ 2.5 ಎಂದು ಒಂದು ಸಾಲು, ಎಸ್‌ಜಿಎಸ್‌ಟಿ ಶೇ 2.5 ಎಂದು ಇನ್ನೊಂದು ಸಾಲು ಇರುತ್ತದೆ. 45 ರೂಪಾಯಿಗೆ ಶೇ 2.5 ಎಷ್ಟು? ಒಂದು ರೂಪಾಯಿ ಹನ್ನೆರಡೂವರೆ ಪೈಸೆ. ಅರ್ಧ ಪೈಸೆ ಬರೆಯಲು ಬಿಲ್ಲಿನಲ್ಲಿ ಜಾಗವಿಲ್ಲ, ಅದನ್ನು ಮೇಲಕ್ಕೋ ಕೆಳಕ್ಕೋ ಸರಿಸಲೇಬೇಕು. ಅಕೌಂಟೆಂಟ್ ಆದವರು ಯೋಚನೆಯನ್ನೇ ಮಾಡದೆ 1.13 ಎಂದು ಬರೆಯುತ್ತಾರೆ. ಎಕ್ಸೆಲ್‌ನಲ್ಲಿ `ROUND` ಹಾಕಿದರೂ 1.13 ಬರುತ್ತದೆ. ಇದೇ ಲೆಕ್ಕವನ್ನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಕೊಟ್ಟರೆ ಉತ್ತರ ಬೇರೆ:

```
>>> round(45 * 0.025, 2)
1.12
>>> round(35 * 0.025, 2)
0.88
```

ಎರಡನೆಯ ಸಾಲನ್ನು ಗಮನಿಸಿ. 35 ರೂಪಾಯಿಗೆ ಶೇ 2.5 ಎಂದರೆ ಎಂಬತ್ತೇಳೂವರೆ ಪೈಸೆ. ಅಲ್ಲಿಯೂ ಅರ್ಧ ಪೈಸೆಯೇ ಉಳಿದಿದೆ, ಆದರೆ ಅದನ್ನು ಪೈಥಾನ್ ಮೇಲಕ್ಕೆ ಏರಿಸಿ 88 ಮಾಡಿದೆ. ಹನ್ನೆರಡೂವರೆಯನ್ನು ಮಾತ್ರ ಕೆಳಕ್ಕಿಳಿಸಿ 12 ಮಾಡಿದೆ. ಅರ್ಧ ಬಂದಾಗ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ನೋಡಿದವರಿಗೆ ಯಂತ್ರ ಮನಸ್ಸಿಗೆ ಬಂದಂತೆ ಮಾಡುತ್ತಿದೆ ಎನಿಸುವುದು ಸಹಜ. ಹಾಗೇನಿಲ್ಲ, ಅದು ಒಂದು ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದೆ. ಸಂಖ್ಯೆ ಸರಿಯಾಗಿ ನಟ್ಟನಡುವೆ ನಿಂತಿದ್ದರೆ ಅಕ್ಕಪಕ್ಕದ ಎರಡರಲ್ಲಿ ಯಾವುದು ಸಮ ಸಂಖ್ಯೆಯೋ ಅತ್ತ ಹೋಗಬೇಕು ಎಂಬುದೇ ಆ ನಿಯಮ. 12 ಮತ್ತು 13ರ ನಡುವೆ ಸಮ ಸಂಖ್ಯೆ 12. 87 ಮತ್ತು 88ರ ನಡುವೆ ಸಮ ಸಂಖ್ಯೆ 88. ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚಿದ್ದರೂ ಮೇಲಕ್ಕೆ, ಕಡಿಮೆ ಇದ್ದರೂ ಕೆಳಕ್ಕೆ. ಅಲ್ಲಿ ಯಾರಿಗೂ ತಕರಾರಿಲ್ಲ. ಜಗಳವೆಲ್ಲ ಆ ಒಂದೇ ಬಿಂದುವಿನದು.

ಈ ನಿಯಮಕ್ಕೆ ಗಟ್ಟಿಯಾದ ಕಾರಣವಿದೆ. ಶಾಲೆಯಲ್ಲಿ ಕಲಿತ ಕ್ರಮವನ್ನೇ ತೆಗೆದುಕೊಳ್ಳಿ: ಕೊನೆಯ ಅಂಕಿ 1ರಿಂದ 4ರವರೆಗೆ ಇದ್ದರೆ ಬಿಡು, 5ರಿಂದ 9ರವರೆಗೆ ಇದ್ದರೆ ಏರಿಸು. 1, 2, 3, 4 ಬಿಟ್ಟಾಗ ನಾವು ಕಳೆದುಕೊಳ್ಳುವುದು ಒಟ್ಟು 10. 9, 8, 7, 6 ಏರಿಸಿದಾಗ ಸೇರಿಕೊಳ್ಳುವುದು 1, 2, 3, 4, ಅಂದರೆ ಒಟ್ಟು 10. ಕಳೆದದ್ದಕ್ಕೂ ಸೇರಿದ್ದಕ್ಕೂ ಸರಿಹೋಯಿತು. ಉಳಿಯುವುದು 5 ಒಂದೇ. ಅದನ್ನು ಪ್ರತಿ ಸಲವೂ ಏರಿಸಿದರೆ ಅದಕ್ಕೆ ಪ್ರತಿಯಾಗಿ ಇಳಿಯುವ ಅಂಕಿ ಯಾವುದೂ ಇಲ್ಲ. ಲಕ್ಷಾಂತರ ಸಂಖ್ಯೆಗಳನ್ನು ಹೀಗೆ ಕೂಡಿಸುತ್ತಾ ಹೋದರೆ ಮೊತ್ತ ನಿಧಾನವಾಗಿ ಮೇಲ್ಮುಖವಾಗಿ ಜಾರುತ್ತದೆ. ಅರ್ಧಗಳನ್ನು ಸಮ ಸಂಖ್ಯೆಯತ್ತ ಕಳಿಸಿದರೆ ಸುಮಾರು ಅರ್ಧದಷ್ಟು ಸಲ ಏರಿಕೆ, ಅರ್ಧದಷ್ಟು ಸಲ ಇಳಿಕೆ ಆಗಿ ಆ ಜಾರುವಿಕೆ ನಿಲ್ಲುತ್ತದೆ.

ಒಂದೇ ಕಡೆಗೆ ವಾಲುವ ಲೆಕ್ಕ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆಯ ಕತೆ ಪ್ರಸಿದ್ಧ. ಅಲ್ಲಿ 1982ರಲ್ಲಿ 1000 ಅಂಶಗಳಿಂದ ಆರಂಭವಾದ ಸೂಚ್ಯಂಕ 1983ರ ನವೆಂಬರ್ ಹೊತ್ತಿಗೆ 524ರ ಸುತ್ತಮುತ್ತ ಇತ್ತು. ಸರಿಪಡಿಸಿದ ಮೇಲೆ ಅದು 1098 ದಾಟಿತು. ಪೇಟೆ ಕುಸಿದಿರಲೇ ಇಲ್ಲ. ಪ್ರತಿ ವಹಿವಾಟಿನ ನಂತರ ಸೂಚ್ಯಂಕವನ್ನು ಹೊಸದಾಗಿ ಲೆಕ್ಕ ಹಾಕುವಾಗ ಮೂರು ದಶಮಾಂಶ ಸ್ಥಾನಗಳ ಆಚೆಗಿನದನ್ನು ಕತ್ತರಿಸಿ ಎಸೆಯುತ್ತಿದ್ದರು, ಅಷ್ಟೆ. ಅದು ಕತ್ತರಿಸುವಿಕೆಯ ತಪ್ಪು, ಅರ್ಧದ ತಪ್ಪಲ್ಲ, ನಿಜ. ಆದರೆ ಪ್ರತಿ ಸಲ ಒಂದೇ ದಿಕ್ಕಿಗೆ ಹೋಗುವ ಸಣ್ಣ ಚೂರುಗಳು ಕೂಡಿಕೊಂಡರೆ ಎಷ್ಟಾಗುತ್ತವೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಕಂಪ್ಯೂಟರುಗಳ ದಶಮಾಂಶ ಲೆಕ್ಕಕ್ಕೆ 1985ರಲ್ಲಿ ಬಂದ ಐಇಇಇ 754 ಎಂಬ ಮಾನದಂಡ ಸಮ ಸಂಖ್ಯೆಯ ನಿಯಮವನ್ನೇ ತನ್ನ ಮೂಲ ಕ್ರಮವಾಗಿ ಇಟ್ಟುಕೊಂಡದ್ದಕ್ಕೆ ಕಾರಣವೂ ಈ ವಾಲುವಿಕೆಯ ಭಯವೇ. ವಿಜ್ಞಾನಿಗಳಿಗೆ, ಸಮೀಕ್ಷೆ ಮಾಡುವವರಿಗೆ ಅದು ಒಳ್ಳೆಯ ನಿಯಮ.

ಪೈಥಾನ್ ಮೊದಲು ಹೀಗಿರಲಿಲ್ಲ. ಅದರ ಎರಡನೆಯ ಆವೃತ್ತಿಯಲ್ಲಿ `round(2.5)` ಎಂದರೆ 3 ಬರುತ್ತಿತ್ತು, ಶಾಲೆಯಲ್ಲಿ ಕಲಿತ ಹಾಗೆಯೇ. 2008ರ ಕೊನೆಗೆ ಬಂದ ಮೂರನೆಯ ಆವೃತ್ತಿಯಲ್ಲಿ ಅದು 2 ಆಯಿತು. ಎರಡನೆಯ ಆವೃತ್ತಿಗೆ ಅಧಿಕೃತ ಬೆಂಬಲ ನಿಂತದ್ದು 2020ರ ಆರಂಭದಲ್ಲಿ. ಆ ನಡುವಿನ ವರ್ಷಗಳಲ್ಲಿ ಎಷ್ಟೋ ಹಳೆಯ ಪ್ರೋಗ್ರಾಮುಗಳನ್ನು ಹೊಸ ಆವೃತ್ತಿಗೆ ಸಾಗಿಸಲಾಯಿತು. `round` ಎಂದು ಬರೆದಿದ್ದ ಸಾಲು ಒಂದಕ್ಷರವೂ ಬದಲಾಗದೆ ಹಾಗೇ ಉಳಿದಿರುತ್ತದೆ, ಅದು ಕೊಡುವ ಉತ್ತರ ಮಾತ್ರ ಬದಲಾಗಿರುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ತಿಂಗಳ ಕೊನೆಗೆ ಒಟ್ಟು ಮೊತ್ತ ತಾಳೆಯಾಗದಿದ್ದಾಗಲೇ ಗೊತ್ತಾಗಬೇಕು.

ನಮ್ಮ ಹೋಟೆಲಿಗೇ ಮರಳಿ ಒಂದು ದಿನದ ಲೆಕ್ಕ ಹಾಕೋಣ. ಆ ದಿನ 45 ರೂಪಾಯಿಯ 200 ಬಿಲ್ಲು, 65 ರೂಪಾಯಿಯ 120 ಬಿಲ್ಲು, 35 ರೂಪಾಯಿಯ 80 ಬಿಲ್ಲು ಆಗಿವೆ. ತೆರಿಗೆ ಸೇರಿಸುವ ಮುಂಚಿನ ವ್ಯಾಪಾರ 9,000 ಮತ್ತು 7,800 ಮತ್ತು 2,800, ಒಟ್ಟು 19,600 ರೂಪಾಯಿ. ಅದಕ್ಕೆ ಶೇ 2.5 ಎಂದರೆ ಸರಿಯಾಗಿ 490 ರೂಪಾಯಿ.

ಈಗ ಬಿಲ್ಲು ಬಿಲ್ಲಿಗೂ ರೌಂಡ್ ಮಾಡಿ ಆಮೇಲೆ ಕೂಡಿಸೋಣ. ಅಕೌಂಟೆಂಟರ ಕ್ರಮದಲ್ಲಿ 45ಕ್ಕೆ 1.13, 65ಕ್ಕೆ 1.63, 35ಕ್ಕೆ 0.88. ಒಟ್ಟು ಸಿಜಿಎಸ್‌ಟಿ 226 ಮತ್ತು 195.60 ಮತ್ತು 70.40, ಅಂದರೆ 492 ರೂಪಾಯಿ. ಪೈಥಾನಿನ ಕ್ರಮದಲ್ಲಿ 45ಕ್ಕೆ 1.12, 65ಕ್ಕೆ 1.62, 35ಕ್ಕೆ ಮೊದಲಿನಂತೆಯೇ 0.88. ಒಟ್ಟು 224 ಮತ್ತು 194.40 ಮತ್ತು 70.40, ಅಂದರೆ 488 ರೂಪಾಯಿ 80 ಪೈಸೆ. ಒಂದೇ ದಿನದ, ಅದೇ ನಾನೂರು ಬಿಲ್ಲುಗಳಿಗೆ ಮೂರು ಮೊತ್ತ. ಎಸ್‌ಜಿಎಸ್‌ಟಿಯೂ ಇಷ್ಟೇ ಇರುವುದರಿಂದ ಪೈಥಾನಿಗೂ ಎಕ್ಸೆಲ್‌ಗೂ ನಡುವಿನ ಅಂತರ ದಿನಕ್ಕೆ 6 ರೂಪಾಯಿ 40 ಪೈಸೆ. ತಿಂಗಳಲ್ಲಿ 26 ದಿನ ಇದೇ ವ್ಯಾಪಾರ ನಡೆದರೆ 166 ರೂಪಾಯಿ 40 ಪೈಸೆ. ಹಣ ದೊಡ್ಡದಲ್ಲ. ಆದರೆ ಲೆಕ್ಕ ಬರೆಯುವವರಿಗೆ ಕಾರಣ ಗೊತ್ತಿಲ್ಲದ 166 ರೂಪಾಯಿ ನಿದ್ದೆ ಕೆಡಿಸುತ್ತದೆ, ಏಕೆಂದರೆ ಅದರ ಹಿಂದೆ ಬಿಟ್ಟುಹೋದ ಬಿಲ್ಲೊಂದು ಇರಬಹುದು, ಎರಡು ಸಲ ನಮೂದಾದ ಬಿಲ್ಲೂ ಇರಬಹುದು.

ಇಲ್ಲಿ ನನಗೆ ಮುಖ್ಯವೆನಿಸುವ ಸಂಗತಿಯೊಂದಿದೆ. ವಾಲುವಿಕೆಯನ್ನು ತಪ್ಪಿಸುವುದಕ್ಕೆಂದೇ ಹುಟ್ಟಿದ ನಿಯಮ ಇಲ್ಲಿ ತಾನೇ ವಾಲಿದೆ. 490 ಬರಬೇಕಾದಲ್ಲಿ 488.80 ಕೊಟ್ಟಿದೆ. ಯಾಕೆಂದರೆ ಸಮ ಮತ್ತು ಬೆಸ ಸಂಖ್ಯೆಗಳು ಬೆರೆತು ಬಂದಾಗ ಮಾತ್ರ ಏರಿಕೆ-ಇಳಿಕೆಗಳು ಒಂದನ್ನೊಂದು ಸರಿದೂಗಿಸುತ್ತವೆ. ಪ್ರಯೋಗಾಲಯದ ಅಳತೆಗಳಲ್ಲಿ ಅವು ಬೆರೆತೇ ಬರುತ್ತವೆ. ಹೋಟೆಲಿನ ಬೆಲೆಪಟ್ಟಿಯಲ್ಲಿ ಹಾಗಾಗುವುದಿಲ್ಲ. 45 ರೂಪಾಯಿಯ ತಿಂಡಿ ಇನ್ನೂರು ಸಲ ಮಾರಾಟವಾದರೆ ಅದೇ ಹನ್ನೆರಡೂವರೆ ಪೈಸೆ ಇನ್ನೂರು ಸಲವೂ ಕೆಳಕ್ಕೇ ಹೋಗುತ್ತದೆ. ಇದರಲ್ಲೊಂದು ಸೊಗಸಾದ ವಿನ್ಯಾಸವೂ ಇದೆ. ಶೇ 2.5ರ ಲೆಕ್ಕದಲ್ಲಿ, ಐದರಲ್ಲಿ ಕೊನೆಗೊಳ್ಳುವ ಬೆಲೆಯ ಹತ್ತರ ಸ್ಥಾನದಲ್ಲಿ ಸಮ ಅಂಕಿ ಇದ್ದರೆ, ಅಂದರೆ 25, 45, 65, 85, 105 ಇದ್ದರೆ, ಪೈಥಾನ್ ಅರ್ಧ ಪೈಸೆಯನ್ನು ಇಳಿಸುತ್ತದೆ. ಬೆಸ ಅಂಕಿ ಇದ್ದರೆ, ಅಂದರೆ 15, 35, 55, 75, 95 ಇದ್ದರೆ, ಏರಿಸುತ್ತದೆ. ಮಾಲೀಕರು ಇಡ್ಲಿ-ವಡೆಯ ಬೆಲೆಯನ್ನು 45ರಿಂದ 55ಕ್ಕೆ ಏರಿಸಿದ ದಿನವೇ ಆ ತಿಂಡಿಯ ಮಟ್ಟಿಗೆ ತಾಳೆ ತಪ್ಪುವುದು ತಾನಾಗಿ ನಿಂತುಬಿಡುತ್ತದೆ. ಕಾರಣ ಹುಡುಕುತ್ತಿರುವವರಿಗೆ ಇದರಿಂದ ಗೊಂದಲ ಇನ್ನಷ್ಟು ಹೆಚ್ಚು.

ಗಿರಾಕಿಗೆ ಇದ್ಯಾವುದೂ ಕಾಣಿಸುವುದಿಲ್ಲ. 45ಕ್ಕೆ 1.13ನ್ನು ಎರಡು ಸಲ ಸೇರಿಸಿದರೆ 47.26, 1.12ನ್ನು ಎರಡು ಸಲ ಸೇರಿಸಿದರೆ 47.24. ಎರಡನ್ನೂ ರೂಪಾಯಿಗೆ ರೌಂಡ್ ಮಾಡಿದರೆ 47. ಕೌಂಟರಿನಲ್ಲಿ ಪಡೆಯುವ ಹಣ ಒಂದೇ. ಉಳಿದ 26 ಪೈಸೆಯೋ 24 ಪೈಸೆಯೋ ಬಿಲ್ಲಿನ ಕೊನೆಯ ‘ರೌಂಡ್ ಆಫ್’ ಸಾಲಿಗೆ ಹೋಗಿ, ಅಲ್ಲಿಂದ ಅದೇ ಹೆಸರಿನ ಲೆಡ್ಜರಿಗೆ ಸೇರುತ್ತದೆ. ಸಂಜೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿದರೆ ಪೈಸೆಯ ವ್ಯತ್ಯಾಸವೂ ಇರುವುದಿಲ್ಲ. ವ್ಯತ್ಯಾಸ ಇರುವುದು ತೆರಿಗೆಯ ಖಾತೆಯಲ್ಲಿ ಮತ್ತು ರೌಂಡ್ ಆಫ್ ಖಾತೆಯಲ್ಲಿ, ಒಂದರಲ್ಲಿ ಕಡಿಮೆಯಾದಷ್ಟು ಇನ್ನೊಂದರಲ್ಲಿ ಹೆಚ್ಚಾಗಿ. ಆದ್ದರಿಂದ ನಗದು ತಾಳೆಯಾಯಿತು ಎಂದಾಕ್ಷಣ ತೆರಿಗೆಯೂ ತಾಳೆಯಾಯಿತು ಎಂದುಕೊಳ್ಳುವಂತಿಲ್ಲ.

ಕಾನೂನು ಏನು ಹೇಳುತ್ತದೆ? 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ಪಾವತಿಸಬೇಕಾದ ತೆರಿಗೆ, ಬಡ್ಡಿ, ದಂಡ ಮುಂತಾದವನ್ನು ಹತ್ತಿರದ ರೂಪಾಯಿಗೆ ರೌಂಡ್ ಮಾಡಬೇಕು. ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪೂರ್ತಿ ರೂಪಾಯಿ ಮಾಡಬೇಕು, ಐವತ್ತಕ್ಕಿಂತ ಕಡಿಮೆ ಇದ್ದರೆ ಬಿಡಬೇಕು. ಸರಿಯಾಗಿ ಐವತ್ತು ಪೈಸೆ ಬಂದರೆ ಏನು ಮಾಡಬೇಕು ಎಂಬುದಕ್ಕೆ ಇಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. 1,246 ರೂಪಾಯಿ 50 ಪೈಸೆ ತೆರಿಗೆ ಕಟ್ಟಬೇಕಿದ್ದರೆ ಕಾನೂನಿನ ಪ್ರಕಾರ ಅದು 1,247. ಪೈಥಾನಿನ `round(1246.5)` ಕೊಡುವುದು 1246. 1,247 ರೂಪಾಯಿ 50 ಪೈಸೆ ಇದ್ದಿದ್ದರೆ ಎರಡೂ 1,248ಕ್ಕೇ ಬಂದು ನಿಲ್ಲುತ್ತಿದ್ದವು. ಆದಾಯ ತೆರಿಗೆಯಲ್ಲೂ ಇದೇ ಕತೆ. 1961ರ ಕಾಯ್ದೆಯ 288ಎ ಸೆಕ್ಷನ್ ಒಟ್ಟು ಆದಾಯವನ್ನು ಹತ್ತರ ಗುಣಕಕ್ಕೆ ತರಬೇಕೆಂದೂ ಕೊನೆಯ ಅಂಕಿ ಐದು ಅಥವಾ ಹೆಚ್ಚಿದ್ದರೆ ಏರಿಸಬೇಕೆಂದೂ ಹೇಳಿತು. 5,43,285 ರೂಪಾಯಿ ಆದಾಯ ಅದರಂತೆ 5,43,290 ಆಗಬೇಕು. ಪೈಥಾನಿನಲ್ಲಿ `round(543285, -1)` ಎಂದರೆ 543280 ಬರುತ್ತದೆ. ಪ್ರೋಗ್ರಾಮರುಗಳು ಸಮ ಸಂಖ್ಯೆಯ ಕ್ರಮವನ್ನು ಬ್ಯಾಂಕರ್ಸ್ ರೌಂಡಿಂಗ್ ಎಂದು ಕರೆಯುತ್ತಾರೆ. ಆ ಹೆಸರು ಕೇಳಿ, ಹಣಕಾಸಿನವರು ಒಪ್ಪಿದ ಕ್ರಮವೇ ಇರಬೇಕು ಎಂದು ನಂಬಿದರೆ ನಮ್ಮ ತೆರಿಗೆ ಕಾನೂನಿಗೆ ವಿರುದ್ಧವಾದ ಮೊತ್ತ ಬರುತ್ತದೆ.

ಇಷ್ಟಕ್ಕೇ ಮುಗಿದಿದ್ದರೆ ಪರಿಹಾರ ಸುಲಭವಿತ್ತು. ಅರ್ಧ ಬಂದರೆ ಏರಿಸು ಎಂದು ಬರೆದುಬಿಟ್ಟರಾಯಿತು. ಆದರೆ ಇದರ ಕೆಳಗೆ ಇನ್ನೊಂದು ಪದರವಿದೆ, ಮತ್ತು ಜನ ಎಡವುವುದು ಹೆಚ್ಚಾಗಿ ಅಲ್ಲಿಯೇ. ಬೆಲೆ 45ರ ಬದಲು 43 ರೂಪಾಯಿ ಎನ್ನಿ. ತೆರಿಗೆ 1 ರೂಪಾಯಿ ಏಳೂವರೆ ಪೈಸೆ, ಅಂದರೆ 1.075. ಅಕೌಂಟೆಂಟರ ಕ್ರಮದಲ್ಲಿ 1.08. ಸಮ ಸಂಖ್ಯೆಯ ಕ್ರಮದಲ್ಲೂ 1.08, ಏಕೆಂದರೆ 7 ಮತ್ತು 8ರಲ್ಲಿ ಸಮ ಸಂಖ್ಯೆ 8. ಎರಡೂ ನಿಯಮಗಳು ಒಪ್ಪಿರುವಾಗ ಪೈಥಾನ್ ಏನು ಹೇಳುತ್ತದೆ?

```
>>> round(43 * 0.025, 2)
1.07
```

ಎರಡೂ ನಿಯಮಗಳಿಗೆ ಹೊಂದದ ಉತ್ತರ. ಇದಕ್ಕೆ ಕಾರಣ ರೌಂಡ್ ಮಾಡುವ ಕ್ರಮವಲ್ಲ, ಸಂಖ್ಯೆಯನ್ನು ಹಿಡಿದಿಡುವ ಕ್ರಮ. ಕಂಪ್ಯೂಟರ್ ಸಾಮಾನ್ಯವಾಗಿ ದಶಮಾಂಶಗಳನ್ನು ಅರ್ಧ, ಕಾಲು, ಎಂಟನೇ ಒಂದು, ಹದಿನಾರನೇ ಒಂದು ಎಂಬ ತುಂಡುಗಳನ್ನು ಕೂಡಿಸಿ ಬರೆದುಕೊಳ್ಳುತ್ತದೆ. 1.125 ಎಂದರೆ ಒಂದು ಮತ್ತು ಎಂಟನೇ ಒಂದು ಭಾಗ. ಅದು ಈ ತುಂಡುಗಳಲ್ಲಿ ಸರಿಯಾಗಿ ಕೂರುತ್ತದೆ, ಹಾಗಾಗಿ 45 ರೂಪಾಯಿಯ ಬಿಲ್ಲಿನಲ್ಲಿ ನಿಜವಾದ ಅರ್ಧವೇ ಸಿಕ್ಕಿತು. 1.075 ಹಾಗೆ ಕೂರುವುದಿಲ್ಲ. ಮೂರನೇ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಉದ್ದ ಬರೆದರೂ ಮುಗಿಯುವುದಿಲ್ಲವಲ್ಲ, ಅದೇ ತೊಂದರೆ ಇಲ್ಲಿ. ಯಂತ್ರದೊಳಗೆ ಉಳಿಯುವುದು 1.07499999999999995559ರ ಹತ್ತಿರದ ಸಂಖ್ಯೆ. ಅದು ಅರ್ಧಕ್ಕಿಂತ ಅತ್ಯಲ್ಪ ಕಡಿಮೆ. ಆದ್ದರಿಂದ ಪೈಥಾನ್ ಸರಿಯಾಗಿಯೇ ಅದನ್ನು 1.07ಕ್ಕೆ ಇಳಿಸುತ್ತದೆ. ತೆರೆಯ ಮೇಲೆ ಮಾತ್ರ 1.075 ಎಂದೇ ತೋರಿಸುವುದರಿಂದ ನೋಡಿದವರಿಗೆ ಮೋಸ ಹೋದಂತಾಗುತ್ತದೆ.

ಒಂದು ವ್ಯತ್ಯಾಸ ಎದುರಾದಾಗ ಅದು ನಿಯಮದ್ದೋ, ಸಂಖ್ಯೆ ಹಿಡಿದಿಡುವ ಕ್ರಮದ್ದೋ ಎಂದು ಬೇರ್ಪಡಿಸಲು ಒಂದು ಸರಳ ಪರೀಕ್ಷೆಯಿದೆ. ಎಂಟನೇ ಭಾಗಗಳನ್ನೇ ಕೊಟ್ಟು ನೋಡಬೇಕು, ಏಕೆಂದರೆ ಅವು ಯಂತ್ರದಲ್ಲಿ ಸರಿಯಾಗಿ ಕೂರುತ್ತವೆ:

```
>>> [round(x, 2) for x in (0.125, 0.375, 0.625, 0.875)]
[0.12, 0.38, 0.62, 0.88]
```

ನಾಲ್ಕೂ ಉತ್ತರಗಳು ಸಮ ಅಂಕಿಯಲ್ಲಿ ಕೊನೆಗೊಂಡರೆ ಸಮ ಸಂಖ್ಯೆಯ ನಿಯಮ ಕೆಲಸ ಮಾಡುತ್ತಿದೆ ಎಂದರ್ಥ. 0.13, 0.38, 0.63, 0.88 ಬಂದರೆ ಅಕೌಂಟೆಂಟರ ಕ್ರಮ. ಈ ಪರೀಕ್ಷೆಯನ್ನು ಪೈಥಾನಿಗಷ್ಟೇ ಅಲ್ಲ, ಎಕ್ಸೆಲ್‌ಗೂ ಮಾಡಿ ನೋಡುವುದು ಒಳ್ಳೆಯದು. ಎಕ್ಸೆಲ್ ಹಾಳೆಯ `ROUND` ಅರ್ಧವನ್ನು ಏರಿಸುತ್ತದೆ, ಆದರೆ ಅದೇ ಎಕ್ಸೆಲ್‌ನ ಮ್ಯಾಕ್ರೋದಲ್ಲಿ, ಅಂದರೆ ವಿಬಿಎಯಲ್ಲಿ, `Round` ಎಂದು ಬರೆದರೆ ಪೈಥಾನಿನಂತೆ ಸಮ ಸಂಖ್ಯೆಯತ್ತ ಹೋಗುತ್ತದೆ. ಹಾಳೆಗೂ ಮ್ಯಾಕ್ರೋಗೂ ತಾಳೆಯಾಗದೆ ಒದ್ದಾಡುವ ಕಚೇರಿಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು. ಬಿಲ್ಲುಗಳನ್ನು ಹರಡಿಕೊಂಡು ನೋಡಿದರೂ ಸುಳಿವು ಸಿಗುತ್ತದೆ. ವ್ಯತ್ಯಾಸವಿರುವ ಪ್ರತಿ ಬಿಲ್ಲಿನಲ್ಲೂ ಅದು ತಲಾ ಒಂದೇ ಪೈಸೆ, ಕೇಂದ್ರದ ಸಾಲಿನಲ್ಲೂ ರಾಜ್ಯದ ಸಾಲಿನಲ್ಲೂ ಒಂದೇ ಥರ, ಮತ್ತು ಕೆಲವೇ ಬೆಲೆಗಳಲ್ಲಿ ಮಾತ್ರ ಇದ್ದರೆ ಯಾವ ಬಿಲ್ಲೂ ಕಳೆದುಹೋಗಿಲ್ಲ ಎಂದು ನೆಮ್ಮದಿಯಿಂದ ಹೇಳಬಹುದು.

ಪರಿಹಾರ ಪೈಥಾನಿನೊಳಗೇ ಇದೆ. `decimal` ಎಂಬ ಭಾಗ ಸಂಖ್ಯೆಗಳನ್ನು ನಾವು ಕಾಗದದ ಮೇಲೆ ಬರೆಯುವಂತೆ ಹತ್ತರ ಲೆಕ್ಕದಲ್ಲೇ ಇಟ್ಟುಕೊಳ್ಳುತ್ತದೆ, ಯಾವ ಕ್ರಮದಲ್ಲಿ ರೌಂಡ್ ಮಾಡಬೇಕು ಎಂದು ಹೇಳಲು ಅವಕಾಶವನ್ನೂ ಕೊಡುತ್ತದೆ.

```
from decimal import Decimal, ROUND_HALF_UP

def paise(x):
    return x.quantize(Decimal("0.01"), rounding=ROUND_HALF_UP)

paise(Decimal("45") * Decimal("0.025"))   # 1.13
paise(Decimal("43") * Decimal("0.025"))   # 1.08
```

ಇಲ್ಲಿ ಎರಡು ವಿಷಯ ನೋಡಿಕೊಳ್ಳಬೇಕು. 0.025 ಅನ್ನು ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿಯೇ ಕೊಡಬೇಕು. ಚಿಹ್ನೆ ಬಿಟ್ಟು ಬರೆದರೆ ಸಂಖ್ಯೆ ಮೊದಲು ಹಳೆಯ ಕ್ರಮದಲ್ಲಿ ಕೆಟ್ಟು, ಆ ಕೆಟ್ಟ ರೂಪದಲ್ಲೇ `Decimal` ಒಳಗೆ ಬರುತ್ತದೆ. ಎರಡನೆಯದು, `ROUND_HALF_UP` ಎಂದು ಹೇಳದೆ ಬಿಟ್ಟರೆ `decimal` ಕೂಡ ಸಮ ಸಂಖ್ಯೆಯ ನಿಯಮವನ್ನೇ ಹಿಡಿಯುತ್ತದೆ. `round(Decimal("1.125"), 2)` ಎಂದು ಬರೆದರೆ ಸಿಗುವುದು ಮತ್ತೆ 1.12. `decimal` ಬಳಸಿದ್ದೇವೆ, ಇನ್ನು ಚಿಂತೆಯಿಲ್ಲ ಎಂದು ಕುಳಿತವರ ಲೆಕ್ಕವೂ ತಾಳೆಯಾಗದಿರುವುದು ಇದರಿಂದ.

ಇದೆಲ್ಲ ಗೊಡವೆ ಬೇಡವೆಂದು ಕೆಲವರು ಅಡ್ಡದಾರಿಯೊಂದನ್ನು ಹಿಡಿಯುತ್ತಾರೆ: ಮೊತ್ತವನ್ನು ನೂರರಿಂದ ಗುಣಿಸಿ, ಅರ್ಧ ಕೂಡಿಸಿ, ದಶಮಾಂಶ ಕತ್ತರಿಸುವುದು. 1.125ಕ್ಕೆ ಅದು 1.13 ಕೊಡುತ್ತದೆ, ಸರಿಯಾಗಿಯೇ ಕಾಣುತ್ತದೆ. ಗಿರಾಕಿ ತಿಂಡಿ ವಾಪಸ್ ಕೊಟ್ಟು, ಕ್ರೆಡಿಟ್ ನೋಟ್ ಬರೆಯಬೇಕಾದಾಗ ಮೊತ್ತ ಋಣ ಸಂಖ್ಯೆಯಾಗುತ್ತದೆ. −112.5ಕ್ಕೆ ಅರ್ಧ ಕೂಡಿಸಿದರೆ −112, ಅಂದರೆ −1.12. ಬಿಲ್ಲಿನಲ್ಲಿ 1.13 ತೆರಿಗೆ ಹಾಕಿ, ವಾಪಸಾತಿಯಲ್ಲಿ 1.12 ಮಾತ್ರ ಕಳೆದ ಹಾಗಾಯಿತು. ಪೂರ್ತಿ ರದ್ದಾದ ಬಿಲ್ಲೊಂದು ಖಾತೆಯಲ್ಲಿ ಒಂದು ಪೈಸೆ ಬಿಟ್ಟುಹೋಗುತ್ತದೆ. `ROUND_HALF_UP`ನಲ್ಲಿ ಈ ತೊಂದರೆಯಿಲ್ಲ. ಅದು ಋಣ ಸಂಖ್ಯೆಯನ್ನೂ ಸೊನ್ನೆಯಿಂದ ದೂರಕ್ಕೆ ಸರಿಸಿ −1.13 ಕೊಡುತ್ತದೆ.

ನಿಯಮ ಸರಿಪಡಿಸಿದ ಮೇಲೂ ದಿನದ ಮೊತ್ತ 490 ಆಗುವುದಿಲ್ಲ, 492 ಆಗುತ್ತದೆ ಎಂಬುದನ್ನು ಮರೆಯಬಾರದು. ಬಿಲ್ಲು ಬಿಲ್ಲಿಗೂ ಏರಿಸಿದ ನಾನೂರು ಅರ್ಧ ಪೈಸೆಗಳು ಸೇರಿದರೆ ಎರಡು ರೂಪಾಯಿ. ಅದು ತಪ್ಪಲ್ಲ, ಗಿರಾಕಿಗಳ ಕೈಗೆ ಕೊಟ್ಟ ಬಿಲ್ಲುಗಳಲ್ಲಿ ಮುದ್ರಿತವಾದ ತೆರಿಗೆಯ ಮೊತ್ತವೇ ಅಷ್ಟು. ಒಟ್ಟು ವ್ಯಾಪಾರದ ಮೇಲೆ ಒಂದೇ ಸಲ ಶೇ 2.5 ಹಾಕಿ 490 ಬರಲಿಲ್ಲವಲ್ಲ ಎಂದು ಪ್ರೋಗ್ರಾಮರನ್ನು ದೂರುವ ಅಕೌಂಟೆಂಟ್ ಬೇರೆಯದೇ ಪ್ರಶ್ನೆಗೆ ಉತ್ತರ ಕೇಳುತ್ತಿರುತ್ತಾರೆ. ಎಲ್ಲಿ ರೌಂಡ್ ಮಾಡಬೇಕು, ಸಾಲಿಗೋ ಬಿಲ್ಲಿಗೋ ದಿನದ ಮೊತ್ತಕ್ಕೋ, ಎಂಬುದನ್ನು ಇಬ್ಬರೂ ಕೂತು ಮಾತಾಡಿ, ಬರೆದಿಟ್ಟುಕೊಳ್ಳಬೇಕು. ಯಾವ ಪ್ರೋಗ್ರಾಮಿಂಗ್ ಭಾಷೆಯೂ ಅದನ್ನು ತಾನಾಗಿ ತೀರ್ಮಾನಿಸಲಾರದು.

ಈಗಾಗಲೇ ಸಮ ಸಂಖ್ಯೆಯ ಕ್ರಮದಲ್ಲಿ ಓಡಿರುವ ಸಾಫ್ಟ್‌ವೇರನ್ನು ತಿದ್ದುವವರು ಹಳೆಯ ಬಿಲ್ಲುಗಳ ಕಡೆ ಕಣ್ಣಿಡಬೇಕು. ಕೆಲವು ವ್ಯವಸ್ಥೆಗಳು ಬಿಲ್ಲಿನ ಬೆಲೆ ಮತ್ತು ದರವನ್ನಷ್ಟೇ ಉಳಿಸಿಕೊಂಡು, ವರದಿ ಕೇಳಿದಾಗಲೆಲ್ಲ ತೆರಿಗೆಯನ್ನು ಹೊಸದಾಗಿ ಲೆಕ್ಕ ಹಾಕುತ್ತವೆ. ಅಲ್ಲಿ ನಿಯಮ ಬದಲಿಸಿದರೆ ಕಳೆದ ವರ್ಷದ ಬಿಲ್ಲುಗಳ ತೆರಿಗೆಯೂ ರಾತ್ರೋರಾತ್ರಿ ಬದಲಾಗಿ, ಸಲ್ಲಿಸಿ ಮುಗಿದಿರುವ ರಿಟರ್ನ್‌ಗಳಿಗೆ ಹೊಂದದಂತಾಗುತ್ತದೆ. ಮುದ್ರಿತ ಬಿಲ್ಲಿನಲ್ಲಿ 1.12 ಎಂದಿದ್ದರೆ ಖಾತೆಯಲ್ಲೂ ಅದು 1.12 ಆಗಿಯೇ ಇರಬೇಕು. ಹಾಗಾಗಿ ಮೊದಲು ಹಳೆಯ ಬಿಲ್ಲುಗಳ ತೆರಿಗೆಯನ್ನು ಅವು ಮುದ್ರಿತವಾದ ರೂಪದಲ್ಲೇ ದಾಖಲಿಸಿ, ಹೊಸ ಕ್ರಮ ಯಾವ ದಿನಾಂಕದ ಯಾವ ಬಿಲ್ ಸಂಖ್ಯೆಯಿಂದ ಜಾರಿಗೆ ಬಂತು ಎಂದು ಬರೆದಿಟ್ಟು, ಆಮೇಲೆ ಆ ಒಂದು ಸಾಲಿನ ಕೋಡ್ ತಿದ್ದಬೇಕು.